ಮೂರು ಸ್ಲೈಡಿನ ಮಾತು, ಒಂದು ಸ್ಲೈಡಿನ ಜಗಳ

ದೊಡ್ಡವರ ಮಾತೊಂದನ್ನು ಹಲವು ಚಿತ್ರಗಳಾಗಿ ಒಡೆದು, ಓದುಗನು ಬೆರಳಿನಿಂದ ಸರಿಸುತ್ತ ಓದುವಂತೆ ಜೋಡಿಸಿದ ಪೋಸ್ಟಿಗೆ ಕ್ಯಾರೊಸೆಲ್ ಎಂದೂ, ಅದರ ಒಂದೊಂದು ಚಿತ್ರಕ್ಕೆ ಸ್ಲೈಡ್ ಎಂದೂ ಹೆಸರು. 2017ರಲ್ಲಿ ಹತ್ತು ಸ್ಲೈಡುಗಳಿಗೆ ಅವಕಾಶವಿತ್ತ ಇನ್‌ಸ್ಟಾಗ್ರಾಂ 2024ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದ್ದರಿಂದ, ಉದ್ಧರಿಸುವವನ ಉತ್ಸಾಹಕ್ಕೆ ಇದ್ದ ಕೊನೆಯ ಅಡ್ಡಿಯೂ ನಿವಾರಣೆಯಾಯಿತು. ಮಂಡ್ಯ ಸೀಮೆಯಲ್ಲಂತೂ ಸರಕಿಗೆ ಕೊರತೆಯಿಲ್ಲ: ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರನ್ನೂ ಕೊಟ್ಟಿವೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ.ನ. ಅವರನ್ನು ಕೊಟ್ಟಿದೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ.ಶ್ರೀ. ಅವರ ಮನೆತನದ ಊರು. ಶ್ರೀರಂಗಪಟ್ಟಣವು ಇವರೆಲ್ಲರ ಮಾತಿಗೂ ಹಿನ್ನೆಲೆ ಚಿತ್ರ ಒದಗಿಸುವ ಹೊಣೆ ಹೊತ್ತಿದೆ.

ಆ ಹಿನ್ನೆಲೆಯಿಂದಲೇ ಮೊದಲ ತೊಡಕು ಹುಟ್ಟುತ್ತದೆ. ರಂಗನಾಥನ ಗೋಪುರದ ಮೇಲೆ ಅಕ್ಷರ ಕೂರಿಸಿದರೆ ಯಾವುದು ಶಿಲ್ಪ, ಯಾವುದು ಒತ್ತಕ್ಷರ ಎಂಬುದು ಭಕ್ತನಿಗೂ ತಿಳಿಯದಂತಾಗುವುದರಿಂದ, ಚಿತ್ರವನ್ನು ಚೆನ್ನಾಗಿ ಕಪ್ಪಾಗಿಸುವುದು ಅಥವಾ ಮೊದಲ ಸ್ಲೈಡಿಗೆ ಮಾತ್ರ ಸೀಮಿತಗೊಳಿಸುವುದು ಕ್ಷೇಮ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವು ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಇರಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ. 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಸ್ಲೈಡಿನಲ್ಲಿ ಹೀಗೆ ಏಳೆಂಟು ಸಾಲುಗಳು ನೆಮ್ಮದಿಯಾಗಿ ಹಿಡಿಯುತ್ತವೆ. ಅದಕ್ಕೆ ಮೀರಿದ ಮಾತನ್ನು ಒಡೆಯಲೇಬೇಕಾಗುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಕನ್ನಡ ವಾಕ್ಯವು ತನ್ನ ತೀರ್ಪನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುತ್ತದೆ. ಇದನ್ನು ಪರೀಕ್ಷಿಸುವುದಕ್ಕೆಂದೇ ಒಂದು ವಾಕ್ಯವನ್ನು ಕಟ್ಟಿಕೊಳ್ಳಬಹುದು: ‘ಆಲೆಮನೆಯ ಬಿಸಿ ಬೆಲ್ಲ ತಿಂದವರು ಕಹಿ ಮಾತನಾಡುವುದಿಲ್ಲ ಎಂದು ನಂಬಿದವನು ಪಾಂಡವಪುರದ ಸಂತೆಯಲ್ಲಿ ಬೆಲೆ ಕೇಳಿದವನಲ್ಲ.’ ಸ್ಥಳ ಸಾಲದೆ ‘ಮಾತನಾಡುವುದಿಲ್ಲ’ ಎಂಬಲ್ಲಿಗೆ ಕತ್ತರಿಸಿದರೆ, ಮೊದಲ ಸ್ಲೈಡು ತಾನೇ ಒಂದು ಪೂರ್ಣ ಸುಭಾಷಿತವಾಗಿ, ಅದನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದವನ ಕೃಪೆಯಿಂದ ಬೆಳಗಿನ ಶುಭೋದಯದೊಡನೆ ಜಿಲ್ಲೆಯೆಲ್ಲ ಸುತ್ತುತ್ತದೆ. ಲೇಖಕನು ಗೇಲಿ ಮಾಡಿದ ಅಭಿಪ್ರಾಯವೇ ಲೇಖಕನ ಅಭಿಪ್ರಾಯವೆಂದು ಸ್ಥಾಪಿತವಾಗುತ್ತದೆ. ‘ಎಂದು ನಂಬಿದವನು’ ಎಂಬಷ್ಟನ್ನು ಮೊದಲ ಸ್ಲೈಡಿನಲ್ಲೇ ಉಳಿಸಿಕೊಂಡರೆ ವಾಕ್ಯವು ಬಾಯಿ ತೆರೆದುಕೊಂಡೇ ನಿಲ್ಲುವುದರಿಂದ, ಯಾರೂ ಅದನ್ನು ಒಂಟಿಯಾಗಿ ಹಂಚಲಾರರು, ಹಂಚಿದರೂ ಓದಿದವನು ಮುಂದೇನೆಂದು ಕೇಳುತ್ತಾನೆ. ಆದ್ದರಿಂದ ‘ಎಂದು’, ‘ಎಂಬ’, ‘ಆದರೆ’ ಎಂಬ ಕೊಂಡಿಗಳನ್ನು ಮುಂದಿನ ಸ್ಲೈಡಿಗೆ ತಳ್ಳಬಾರದೆಂಬುದು ಮೊದಲ ನಿಯಮ. ಪ್ರತಿಯೊಂದು ಸ್ಲೈಡನ್ನೂ ಬೇರೆಯಾಗಿ ಓದಿ, ಅದು ಲೇಖಕನಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆಯೇ ಎಂದು ನೋಡುವುದು ಅದರ ಪರೀಕ್ಷೆ.

ಒಡೆದ ಜಾಗದಲ್ಲಿ ಮೂರು ಚುಕ್ಕಿ ಇಡುವ ರೂಢಿಯೂ ತಪ್ಪುದಾರಿಗೆಳೆಯುತ್ತದೆ, ಏಕೆಂದರೆ ಗ್ರಂಥಸಂಪಾದನೆಯಲ್ಲಿ ಆ ಚುಕ್ಕಿಗಳ ಅರ್ಥ ನಡುವೆ ಮಾತುಗಳನ್ನು ಬಿಡಲಾಗಿದೆ ಎಂದು. ಮಾತು ಮುಂದುವರಿಯುತ್ತದೆ ಎನ್ನುವುದಕ್ಕೆ ಬಾಣದ ಗುರುತು ಸಾಕು. ಚುಕ್ಕಿಗಳನ್ನು ನಿಜವಾಗಿ ಏನನ್ನಾದರೂ ನುಂಗಿದಾಗ ಬಳಸುವುದು ಪ್ರಾಮಾಣಿಕತೆ.

ಇನ್ನು ಆಕರದ ವಿಚಾರ. ಕವಿಯ ಹೆಸರನ್ನು ಕೊನೆಯ ಸ್ಲೈಡಿಗೆ ಕಳುಹಿಸುವುದು ಸಾಮಾನ್ಯ ಪದ್ಧತಿಯಾದರೂ, ಕೊನೆಯವರೆಗೆ ಸರಿಸುವಷ್ಟು ತಾಳ್ಮೆ ಎಲ್ಲ ಓದುಗರಿಗೂ ಇರುವುದಿಲ್ಲ. ಪುಟದ ಮಾಲೀಕನಾದರೋ ತನ್ನ ಲಾಂಛನವನ್ನು ಪ್ರತಿ ಸ್ಲೈಡಿನಲ್ಲೂ ಮುದ್ರಿಸಿರುವುದರಿಂದ, ಒಂಟಿ ಸ್ಲೈಡನ್ನು ಕಂಡವರು ಅವನನ್ನೇ ಕವಿಯೆಂದು ತಿಳಿದು ಅಭಿನಂದಿಸುತ್ತಾರೆ. ಎಲ್ಲ ಸ್ಲೈಡುಗಳ ಅಡಿಯಲ್ಲೂ ಸಣ್ಣದಾಗಿ ‘ಕೆ.ಎಸ್. ನರಸಿಂಹಸ್ವಾಮಿ, ಮೈಸೂರ ಮಲ್ಲಿಗೆ, 1942’ ಎಂದು ಬರೆದು, ಪಕ್ಕದಲ್ಲಿ ‘1/3’ ಎಂದು ಕ್ರಮಸಂಖ್ಯೆ ಹಾಕುವುದು ಇದಕ್ಕೆ ಮದ್ದು. ವರ್ಷವನ್ನು ಸೇರಿಸುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ: ಆ ಸಂಕಲನದ ಹಾಡುಗಳನ್ನಿಟ್ಟುಕೊಂಡು ಅದೇ ಹೆಸರಿನ ಚಲನಚಿತ್ರವು 1992ರಲ್ಲಿ ಬಂದುದರಿಂದ, ಐವತ್ತು ವರ್ಷ ಮೊದಲೇ ಅಚ್ಚಾದ ಕವಿತೆಯನ್ನು ‘ಚಿತ್ರಗೀತೆ’ ಎಂದು ಕರೆದು ಗಾಯಕರ ಹೆಸರಿಗೆ ಬರೆದುಬಿಡುವ ಸಾಧ್ಯತೆ ಇದ್ದೇ ಇದೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕದ ಮಾತಾದರೆ ಲೆಕ್ಕ ಇನ್ನೂ ಸೂಕ್ಷ್ಮ: ನುಡಿಯುವುದು ಪಾತ್ರ, ಬರೆದವರು ಶ್ರೀಯವರು, ಕಥನದ ಮಾದರಿ ಗ್ರೀಕ್ ಕವಿ ಸೊಫೊಕ್ಲಿಸನ ‘ಅಜಾಕ್ಸ್’, ಈ ಮೂರನ್ನೂ ಹೇಳದೆ, ಕೋಪಗೊಂಡ ಪಾತ್ರದ ಮಾತನ್ನು ಶ್ರೀಯವರ ಜೀವನ ಸಂದೇಶವೆಂದು ಹಂಚುವುದು ಸೌಮ್ಯರಾದ ಮೇಷ್ಟರಿಗೆ ಬಗೆಯುವ ಅಪಚಾರ.

ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲವೆಂಬುದು ಕೊನೆಯ ತೊಡಕು. ಭಾರತದಲ್ಲಿ ಕೃತಿಸ್ವಾಮ್ಯವು ಲೇಖಕನು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷ ನಡೆಯುತ್ತದೆ. 1946ರಲ್ಲಿ ತೀರಿಕೊಂಡ ಶ್ರೀಯವರ ಬರಹ ಈಗ ಎಲ್ಲರ ಸೊತ್ತು. 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿಯವರದು ಹಾಗಲ್ಲ. ವಿಮರ್ಶೆಯ ಸಂದರ್ಭದಲ್ಲಿ ಕೆಲವು ಸಾಲುಗಳನ್ನು ಉದ್ಧರಿಸಲು ಕಾನೂನು ಎಡೆಗೊಡುತ್ತದೆಯಾದರೂ, ಇಡೀ ಕವಿತೆಯನ್ನು ಇಪ್ಪತ್ತು ಸ್ಲೈಡಿಗೆ ಹರಡಿ ಕೊನೆಗೊಂದು ಹೃದಯದ ಚಿಹ್ನೆ ಅಂಟಿಸುವುದು ವಿಮರ್ಶೆಯೆನಿಸದು. ಹಕ್ಕುದಾರರಿಗೆ ಒಂದು ಪತ್ರ ಬರೆಯುವಷ್ಟು ವ್ಯವಧಾನವಿಲ್ಲದವನು 2064ರ ಜನವರಿಯವರೆಗೆ ಕಾಯುವ ವ್ಯವಧಾನವನ್ನಾದರೂ ಬೆಳೆಸಿಕೊಳ್ಳಬೇಕಾಗುತ್ತದೆ.