ಹೊಸ ಗುಮಾಸ್ತನ ‘ಆಗಲ್ಲ’

ತಾಲ್ಲೂಕು ಕಚೇರಿಗೆ ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕನಿಗೆ ಎರಡು ಬಗೆಯ ಕೆಲಸ ಬರುತ್ತದೆ. ಒಂದು, ಕಾರ್ಯ ಹಂಚಿಕೆ ಆದೇಶದಲ್ಲಿ ಇರುವುದು. ಇನ್ನೊಂದು, ‘ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ’ ಎಂಬ ಹೊಗಳಿಕೆಯ ಬೆನ್ನಿಗೆ ಬರುವುದು. ಮೊದಲನೆಯದಕ್ಕೆ ಸಂಬಳ ಉಂಟು, ಎರಡನೆಯದಕ್ಕೆ ಒಂದು ಕಾಫಿ ಉಂಟು. ಅದೂ ಮೊದಲ ಸಲಕ್ಕೆ ಮಾತ್ರ. ಪ್ರೊಬೇಷನ್ ಸಾಮಾನ್ಯವಾಗಿ 2 ವರ್ಷ. ಅದು ತೃಪ್ತಿಕರವಾಗಿ ಮುಗಿಯಿತೆಂಬ ಆದೇಶ ಕೈಗೆ ಬರುವವರೆಗೆ ಹೊಸಬನ ತಲೆ ಬೇಡವೆಂದು ಆಡುವುದನ್ನೇ ಮರೆತಿರುತ್ತದೆ.

ಬೇಡವೆನ್ನುವ ಮುನ್ನ ಕೆಲಸ ಕೊಡುತ್ತಿರುವವರು ಯಾರೆಂದು ನೋಡಬೇಕು. ಚುನಾವಣಾ ಕೆಲಸವಾದರೆ ಮಾತೇ ಇಲ್ಲ. ಅದಕ್ಕೆ ಸಿಬ್ಬಂದಿ ಒದಗಿಸಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ನೆರೆ, ಬರದ ಕೆಲಸವೂ ಹಾಗೆಯೇ. ತನ್ನದೇ ಶಾಖೆಯ ಶಿರಸ್ತೇದಾರರು ಹೇಳಿದರೆ ಆಗಲ್ಲ ಎನ್ನುವಂತಿಲ್ಲ, ಯಾವುದು ಮೊದಲು ಎಂದು ಕೇಳಬಹುದು. ನಿಜವಾಗಿ ಬೇಡವೆನ್ನಬೇಕಾದದ್ದು ಪಕ್ಕದ ಶಾಖೆಯ ಹಿರಿಯ ಸಹೋದ್ಯೋಗಿ ಕಡತ ಹಿಡಿದು ಬಂದಾಗ. ಅವರಿಗೆ ಅಧಿಕಾರವಿಲ್ಲ, ಹಿರಿತನವಿದೆ. ಕ್ಯಾಂಟೀನಿನಲ್ಲಿ ಹೊಸಬರ ಗುಣಗಾನ ನಡೆಸುವವರೂ ಅವರೇ ಆದ್ದರಿಂದ ಕಷ್ಟ ಇರುವುದೂ ಅಲ್ಲೇ.

ಒಂದು ಗುರುವಾರ ಹನ್ನೊಂದು ಗಂಟೆಗೆ ಅಂಥ ಹಿರಿಯರೊಬ್ಬರು ಬಂದು, ‘ಹಿಂದಿನ ಮೂರು ವರ್ಷದ ಪಿಂಚಣಿ ಫಲಾನುಭವಿಗಳ ಪಟ್ಟಿ ಎಕ್ಸೆಲ್‌ಗೆ ಹಾಕಿಕೊಡಿ, ಅರ್ಧ ಗಂಟೆ ಕೆಲಸ ಅಷ್ಟೇ’ ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಯ ಕೆಲಸವಾಗಿದ್ದರೆ ಅವರು ಎದ್ದು ಬರುತ್ತಿರಲಿಲ್ಲ. ಹೊಸಬ ಆ ಕ್ಷಣದಲ್ಲಿ ಹೌದೂ ಅನ್ನಬಾರದು, ಇಲ್ಲವೂ ಅನ್ನಬಾರದು. ‘ಒಂದ್ನಿಮಿಷ ಸಾರ್’ ಎಂದು ತನ್ನ ಬಾಕಿ ಪಟ್ಟಿ ತೆರೆಯಬೇಕು. ಅದರಲ್ಲಿ 14 ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿಗಳಿವೆ, ಆರಕ್ಕೆ ಸೋಮವಾರ ಸಕಾಲದ ಗಡುವು ಮುಗಿಯುತ್ತದೆ. ಗಡುವು ಮೀರಿದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅದನ್ನು ತಡಮಾಡಿದ ಅಧಿಕಾರಿಯಿಂದಲೋ ಅವರ ಕೈಕೆಳಗಿನ ನೌಕರನಿಂದಲೋ ವಸೂಲು ಮಾಡಲು ಅವಕಾಶವಿದೆ. ಮೊತ್ತ ಸಣ್ಣದು. ಆದರೆ ಬಾಕಿಯ ಲೆಕ್ಕ ತಹಶೀಲ್ದಾರರ ಪರಿಶೀಲನಾ ಸಭೆಯಲ್ಲಿ ಪರದೆಯ ಮೇಲೆ ಕೆಂಪಾಗಿ ಕಂಡಾಗ 20 ರೂಪಾಯಿಗೆ ಬಹಳ ತೂಕ ಬರುತ್ತದೆ.

ಆಗ ಉತ್ತರ ಹೀಗಿರಬೇಕು: ‘ಸಾರ್, ಸೋಮವಾರಕ್ಕೆ ಆರು ಸಕಾಲ ಅರ್ಜಿ ಇವೆ. ಮಂಗಳವಾರ ಮಧ್ಯಾಹ್ನದ ಮೇಲೆ ಒಂದು ವರ್ಷದ್ದು ಮಾಡಿ ತೋರಿಸ್ತೀನಿ, ಅದೇ ನಮೂನೆಯಲ್ಲಿ ಉಳಿದದ್ದು ನಿಮ್ಮ ಶಾಖೆಯವರೇ ತುಂಬಬಹುದು. ಇವತ್ತೇ ಬೇಕಂದ್ರೆ ಶಿರಸ್ತೇದಾರರಿಗೆ ಒಂದು ಮಾತು ಹೇಳ್ಬಿಡಿ ಸಾರ್.’ ಇದರಲ್ಲಿ ಕಾರಣವಿದೆ, ದಿನಾಂಕವಿದೆ, ಕೈಲಾಗುವಷ್ಟು ನೆರವಿದೆ. ಆಗಲ್ಲ ಎಂಬ ಮಾತು ಮಾತ್ರ ಇಲ್ಲ. ಬೇಕಿದ್ದರೆ ಅದನ್ನು ಶಿರಸ್ತೇದಾರರು ಹೇಳುತ್ತಾರೆ, ಹೇಳುವ ಅಧಿಕಾರ ಅವರಿಗಿದೆ. ಹಿರಿಯರು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಹೋದರೆ ತಮ್ಮ ಕೆಲಸ ಇಷ್ಟು ದಿನ ಯಾಕೆ ಬಾಕಿ ಉಳಿಯಿತು ಎಂಬ ಪ್ರಶ್ನೆ ಮೊದಲು ಬರುತ್ತದೆ.

ಹೆಸರು ಕೆಡುವುದು ಬೇರೆ ಕಡೆಗಳಲ್ಲಿ. ‘ನೋಡೋಣ ಸಾರ್’ ಎನ್ನುವುದು ಹೇಳಿದವನಿಗೆ ನಿರಾಕರಣೆ, ಕೇಳಿದವರಿಗೆ ಒಪ್ಪಿಗೆ. ಸಂಜೆ ಐದಕ್ಕೆ ಅವರು ಪಟ್ಟಿ ಕೇಳಿಕೊಂಡು ಬರುತ್ತಾರೆ. ‘ನನಗೆ ಎಕ್ಸೆಲ್ ಬರಲ್ಲ’ ಎಂಬ ಸುಳ್ಳು ಪುನಶ್ಚೇತನ ತರಬೇತಿಯ ಪಟ್ಟಿಯಲ್ಲಿ ಹೆಸರು ಬರುವಲ್ಲಿಗೆ ಮುಗಿಯುತ್ತದೆ. ಅತ್ತೆಗೆ ಹುಷಾರಿಲ್ಲ ಎಂದು ಹೇಳಿದರಂತೂ, ಸಣ್ಣ ಊರಿನಲ್ಲಿ ಅದೇ ಅತ್ತೆ ಮರುದಿನ ವೃದ್ಧಾಪ್ಯ ವೇತನ ವಿಚಾರಿಸಲು ಅದೇ ಹಿರಿಯರ ಮೇಜಿನ ಮುಂದೆ ನಿಂತಿರುವ ಸಂಭವವುಂಟು. ನಾಲ್ಕು ಜನರ ಮುಂದೆ ಬೇಡವೆನ್ನುವುದೂ ತಪ್ಪು. ಕಾರಣ ಸರಿಯಿದ್ದರೂ ಕೇಳಿದವರಿಗೆ ಅವಮಾನವೇ ನೆನಪಿರುತ್ತದೆ.

ಒಪ್ಪಿ ಮಾಡಿದ ಕೆಲಸ ಕಾಯಂ ಆಯಿತೇ ಎಂದು ತಿಳಿಯಲು ಒಂದು ಗುರುತಿದೆ. ಆ ವರದಿ ತಡವಾದಾಗ ಮೇಲಿನವರು ಪಕ್ಕದ ಶಾಖೆಯನ್ನು ಬಿಟ್ಟು ಹೊಸಬನನ್ನೇ ಕೇಳಿದರೆ, ಆದೇಶವಿಲ್ಲದೆಯೇ ಹಂಚಿಕೆ ನಡೆದುಹೋಗಿದೆ ಎಂದರ್ಥ. ಆಗ ಬಾಯಿಮಾತು ಸಾಲದು. ‘ಈ ವರದಿಯನ್ನು ನನಗೆ ವಹಿಸುವುದಾದರೆ ಈಗಿನ ಯಾವ ವಿಷಯವನ್ನು ಬೇರೆಯವರಿಗೆ ವಹಿಸಲಾಗುವುದು ಎಂದು ತಿಳಿಸಲು ಕೋರಿದೆ’ ಎಂದು ಟಿಪ್ಪಣಿ ಹಾಕಿ ಕಡತ ಮಂಡಿಸಬೇಕು. ಲಿಖಿತ ಉತ್ತರ ಕೊಡಬೇಕಾಗಿ ಬಂದಾಗ ಎಷ್ಟೋ ಹೆಚ್ಚುವರಿ ಕೆಲಸಗಳು ತಾವಾಗಿಯೇ ಹಳೆಯ ಶಾಖೆಗೆ ಮರಳುತ್ತವೆ.

ಬೀಳ್ಕೊಡುಗೆ ಸಮಾರಂಭದ ಚಂದಾ ಎತ್ತುವುದು, ರಾಜ್ಯೋತ್ಸವದ ದಿನ ನಿರೂಪಣೆ ಮಾಡುವುದು ಮುಂತಾದವನ್ನು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುವುದೇ ಲೇಸು. ಅವುಗಳಿಗೆ ಸಕಾಲದ ಗಡುವಿಲ್ಲ. ಹೊಸಬನಿಗೆ ಕಚೇರಿಯ ಎಲ್ಲರ ಹೆಸರೂ, ಯಾರು ಚಂದಾ ಕೊಡುವುದಿಲ್ಲ ಎಂಬುದೂ ಒಂದೇ ಸುತ್ತಿನಲ್ಲಿ ತಿಳಿಯುತ್ತದೆ.