ಡಬ್ಬಿ ವಸೂಲಾತಿ: ಒಂದು ಅಧ್ಯಯನ

ಸಹೋದ್ಯೋಗಿಗೆ ಬಿಸಿಬೇಳೆಬಾತ್ ತುಂಬಿಸಿ ಕೊಟ್ಟ ಸ್ಟೀಲ್ ಡಬ್ಬಿಯು ಮರಳದಿರುವುದಕ್ಕೆ ದುರಾಸೆಗಿಂತ ಹೆಚ್ಚಾಗಿ, ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದೆಂಬ ಸಂಪ್ರದಾಯವೇ ಕಾರಣವಾಗಿದ್ದು, ಪಡೆದವರು ಅದನ್ನು ತುಂಬಿಸಲು ತಕ್ಕ ತಿಂಡಿಗಾಗಿ ಹಬ್ಬದಿಂದ ಹಬ್ಬಕ್ಕೆ ಕಾಯುತ್ತಾರೆ. ಆದ್ದರಿಂದ ಕೊಟ್ಟವರು ಮೊದಲು ‘ಪೀಠಿಕೆ’ಯನ್ನು, ಅಂದರೆ ಡಬ್ಬಿಯ ಹೆಸರೆತ್ತದೆ ಡಬ್ಬಿಯತ್ತ ಸಾಗುವ ಮಾತನ್ನು, ಪ್ರಯೋಗಿಸುತ್ತಾರೆ.

“ಮೇಡಂ, ಅವತ್ತಿನ ಬಾತ್‌ಗೆ ಖಾರ ಜಾಸ್ತಿಯಾಗಿತ್ತೇನೋ?”

“ಅಯ್ಯೋ, ಇಲ್ಲ ಸಾರ್, ಚೆನ್ನಾಗಿತ್ತು! ಇನ್ನೊಂದ್ಸಲ ತನ್ನಿ.”

“ತರಬಹುದಿತ್ತು, ಮನೇಲಿ ಡಬ್ಬಿ ಸಾಲ್ತಿಲ್ಲ ಅಂತಾರೆ.”

“ನಮ್ಮನೇಲಿ ಒಂದು ಸುಮ್ಮನೆ ಬಿದ್ದಿದೆ, ಕೊಡ್ಲಾ?”

ಹೀಗೆ ಪೀಠಿಕೆಯು ಅತಿಯಾದಾಗ ಮಾಲೀಕರು ತಮ್ಮ ಡಬ್ಬಿಯನ್ನೇ ದಾನವಾಗಿ ಪಡೆಯುವ ಸ್ಥಿತಿಗೆ ಇಳಿಯುತ್ತಾರೆ. ಅದರ ಮೈಮೇಲೆ ಕೆತ್ತಿಸಿದ ಅತ್ತೆಯ ಹೆಸರು ಪ್ರಬಲ ಸಾಕ್ಷ್ಯವೇ ಆದರೂ, ಸಾಕ್ಷ್ಯವಿರುವುದು ಎದುರು ಪಕ್ಷದ ಅಡುಗೆಮನೆಯಲ್ಲಿ. ಫಲಿಸುವ ವಾಕ್ಯ ಬೇರೆಯೇ ಇದೆ.

“ಮೇಡಂ, ಆ ಡಬ್ಬಿ ನಾಳೆ ಬೇಕಿತ್ತು. ಏನೂ ಹಾಕ್ಬೇಡಿ, ಖಾಲೀನೇ ತನ್ನಿ.”

“ಛೇ, ಅದಕ್ಕೇ ಸಾರ್ ಇಷ್ಟು ದಿನ ಇಟ್ಕೊಂಡಿದ್ದು!”

ಖಾಲಿ ತರಲು ಅನುಮತಿ ದೊರೆತೊಡನೆ ಪಡೆದವರ ಋಣಭಾರ ಇಳಿದು, ಡಬ್ಬಿಯು ಮರುದಿನವೇ, ಸಂಪ್ರದಾಯ ತಪ್ಪದಿರಲೆಂದು ಚಮಚ ಸಕ್ಕರೆಯೊಡನೆ, ಬಂದು ಸೇರಿತು. ಮುಚ್ಚಳ ಇನ್ನೂ ಬರಬೇಕಾಗಿದೆ.