ರಬ್ಬರ್ ಬ್ಯಾಂಡ್ ಮಹಾತ್ಮೆ

ಕಾರ್ ರೇಸಿನ ವಿಡಿಯೋ ಗೇಮುಗಳಲ್ಲಿ ಕಂಪ್ಯೂಟರ್ ಓಡಿಸುವ ಎದುರಾಳಿಯನ್ನು ಬೈದವರೇ ಹೆಚ್ಚು. ಅವನ ನಿಷ್ಠೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದವರು ಕಡಿಮೆ. ಆ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನವಿದು.

1996ರಲ್ಲಿ ನಿಂಟೆಂಡೊ ತಂದ ಮಾರಿಯೋ ಕಾರ್ಟ್ 64 ಈ ನಿಷ್ಠೆಗೆ ಹೆಸರಾದದ್ದು. ಮೂರು ಸುತ್ತಿನ ಓಟದಲ್ಲಿ ಎರಡು ಸುತ್ತನ್ನು ನೀವು ಒಂದೂ ತಪ್ಪಿಲ್ಲದೆ ಓಡಿಸಿದಿರಿ ಎನ್ನಿ. ಎದುರಾಳಿಗೆ ಚಿಪ್ಪು ಹೊಡೆದು ಉರುಳಿಸಿಯೂ ಬಂದಿರಿ. ಪರದೆಯ ಮೇಲಿನ ಪುಟ್ಟ ನಕ್ಷೆಯಲ್ಲಿ ಎಲ್ಲೋ ಹಿಂದೆ ಬಿದ್ದಿದ್ದ ಅವನ ಗುರುತು ಸರಸರನೆ ಹರಿದು ಬಂದು ನಿಮ್ಮ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅಗಲಿಕೆಯನ್ನು ತಾಳಲಾರದ ಜೀವ ಅದು. ಇವನ ಹಿರಿಯರು, ಅಂದರೆ 1992ರ ಸೂಪರ್ ಮಾರಿಯೋ ಕಾರ್ಟಿನ ಎದುರಾಳಿಗಳು, ಅಸ್ತ್ರಗಳನ್ನು ನಮ್ಮ ಹಾಗೆ ದಾರಿಯಲ್ಲಿ ಹೆಕ್ಕಿಕೊಳ್ಳುವ ಕಷ್ಟಕ್ಕೂ ಹೋದವರಲ್ಲ. ಅವರ ಜೋಳಿಗೆ ಅಕ್ಷಯ.

ಗೇಮ್ ಕಟ್ಟುವವರು ಈ ಗುಣಕ್ಕೆ ರಬ್ಬರ್ ಬ್ಯಾಂಡಿಂಗ್ ಎನ್ನುತ್ತಾರೆ. ಒಳಗಿನ ಲೆಕ್ಕ ಬಹಳ ಸರಳ. ಇಬ್ಬರ ನಡುವೆ ಎಷ್ಟು ಮೀಟರ್ ಅಂತರವಿದೆ ಎಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅಳೆಯುತ್ತದೆ. ಅವನು ಹಿಂದಿದ್ದರೆ ಅಂತರಕ್ಕೆ ತಕ್ಕಂತೆ ಅವನ ವೇಗ ಏರಿಸುತ್ತದೆ, ಮುಂದಿದ್ದರೆ ಇಳಿಸುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಬ್ಬರ ಕಾರಿನ ವೇಗವೂ ಗಂಟೆಗೆ 200 ಕಿ.ಮೀ. ಪ್ರತಿ 10 ಮೀಟರ್ ಅಂತರಕ್ಕೆ ಶೇ. 1ರಷ್ಟು ವೇಗ ಹೆಚ್ಚಲಿ ಎಂಬುದು ನಿಯಮ. ನೀವು 150 ಮೀಟರ್ ಮುಂದೆ ಹೋದೊಡನೆ ಅವನ ಕಾರು 230ರಲ್ಲಿ ಹಾರುತ್ತದೆ. ಸುಮಾರು 40 ಸೆಕೆಂಡಿನಲ್ಲಿ ಆ 150 ಮೀಟರ್ 15ಕ್ಕೆ ಇಳಿದಿರುತ್ತದೆ. ಅದೇ ಮಾದರಿಯ ಕಾರು, ಅದೇ ಎಂಜಿನ್. ನಿಮ್ಮದು ಮಾತ್ರ 200 ದಾಟುವುದಿಲ್ಲ. ನಿಮ್ಮಲ್ಲಿ ಆ ಮಟ್ಟದ ಶ್ರದ್ಧೆ ಇಲ್ಲ, ಅಷ್ಟೆ.

ಇದರಿಂದ ಆಟಗಾರನಿಗೆ ಆಗುವ ಉಪಕಾರ ಒಂದೆರಡಲ್ಲ. ಮೊದಲ ಎರಡು ಸುತ್ತು ಹೇಗೆ ಓಡಿಸಿದರೂ ನಡೆಯುತ್ತದೆ. ತಿರುವುಗಳನ್ನು ಕಲಿಯುವ ಶ್ರಮ ಉಳಿಯಿತು. ಜಾಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕೆಂದೇ ಎರಡನೆಯವರಾಗಿ ಉಳಿಯುತ್ತಾರೆ. ಮುಂದಿರುವ ಎದುರಾಳಿ ಹೇಗೂ ಕಾಯುತ್ತಾನಲ್ಲ, ಕೊನೆಯ ತಿರುವಿನಲ್ಲಿ ದಾಟಿದರಾಯಿತು. ಚೆನ್ನಾಗಿ ಓಡಿಸಿದವನಿಗೆ ದಂಡ, ಸೋಮಾರಿಗೆ ಬಹುಮಾನ. ಇಷ್ಟು ಉದಾರವಾದ ನ್ಯಾಯಪದ್ಧತಿ ಆಟದ ಹೊರಗೂ ಸುಲಭಕ್ಕೆ ಸಿಗದು.

ಇಂಥ ಪುಣ್ಯಾತ್ಮನನ್ನು ಹದ್ದುಬಸ್ತಿನಲ್ಲಿಡಲು ಹೊರಟ ಅರಸಿಕರೂ ಇದ್ದಾರೆ. ಅವರ ಮೊದಲ ಹಟ, ಎದುರಾಳಿಯ ಕಾರು ನಿಮ್ಮ ಕಾರಿಗಿಂತ ಹೆಚ್ಚಿನ ಗರಿಷ್ಠ ವೇಗ ಮುಟ್ಟಲೇಬಾರದು ಎಂಬುದು. ಬದಲಾಯಿಸುವುದಿದ್ದರೆ ಅವನ ಚಾಲನೆಯನ್ನು ಬದಲಾಯಿಸಿ ಎನ್ನುತ್ತಾರೆ. ಹಿಂದಿದ್ದಾಗ ಬ್ರೇಕನ್ನು ಕೊಂಚ ತಡವಾಗಿ ಒತ್ತಲಿ, ತಿರುವನ್ನು ಬಿಗಿಯಾಗಿ ಹಿಡಿಯಲಿ. ಮುಂದಿದ್ದಾಗ ಬ್ರೇಕು ಬೇಗ ಬೀಳಲಿ, ಎಲ್ಲೋ ಒಮ್ಮೆ ತಿರುವಿನಲ್ಲಿ ಅಗಲಕ್ಕೆ ಜಾರಲಿ. ನೋಡುವವರಿಗೆ ಅದು ಮನುಷ್ಯ ಸಹಜ ಎನ್ನಿಸುತ್ತದಂತೆ. ಕಂಪ್ಯೂಟರನ್ನು ಇಷ್ಟು ಕೀಳಾಗಿ ಕಾಣಬಹುದೇ?

ಎರಡನೆಯದು ಜಿಪುಣತನ. 40 ಮೀಟರ್ ಒಳಗಿನ ಅಂತರಕ್ಕೆ ಏನೂ ಕೊಡುವುದಿಲ್ಲ. ಅಲ್ಲಿಂದಾಚೆಗೆ ನಿಧಾನವಾಗಿ ಏರುತ್ತ, 200 ಮೀಟರ್ ಆದಾಗ ಸರಾಸರಿ ವೇಗಕ್ಕೆ ಹೆಚ್ಚೆಂದರೆ ಶೇ. 4 ಸೇರುತ್ತದೆ. ಆ ಸಹಾಯವೂ ತಟ್ಟನೆ ಬರದೆ ಕೆಲವು ಸೆಕೆಂಡುಗಳ ಮೇಲೆ ಹರಡಿಕೊಂಡು ಬರುತ್ತದೆ. ಹಿಂದಿನ ಲೆಕ್ಕವನ್ನೇ ಇಲ್ಲಿ ಹಾಕಿದರೆ, 40 ಸೆಕೆಂಡು ಕಳೆದರೂ 150 ಮೀಟರ್ ಅಂತರ ಇಳಿಯುವುದು ಸುಮಾರು 100ಕ್ಕೆ ಮಾತ್ರ. ನೀವು ಗೋಡೆಗೆ ಗುದ್ದಿದರೆ ಅವನು ದಾಟುತ್ತಾನೆ. ಗುದ್ದದಿದ್ದರೆ ಇಲ್ಲ. ಕೊನೆಯ ಸುತ್ತಿನ ಕೊನೆಯ ಭಾಗದಲ್ಲಂತೂ ಸಹಾಯವನ್ನು ಪೂರ್ತಿ ನಿಲ್ಲಿಸುತ್ತಾರೆ, ಗೆರೆ ದಾಟುವ ಹೊತ್ತಿನಲ್ಲಿ ಯಾರೂ ಯಾರನ್ನೂ ತಳ್ಳಬಾರದಂತೆ.

ಇವರ ಪರೀಕ್ಷೆ ಇನ್ನೂ ನಿರ್ದಯವಾದದ್ದು. ಒಂದೇ ರೇಸನ್ನು ಎರಡು ಸಲ ಓಡಿಸುತ್ತಾರೆ. ಒಮ್ಮೆ ಶುದ್ಧವಾಗಿ, ಇನ್ನೊಮ್ಮೆ ಮೊದಲ ಸುತ್ತಿನಲ್ಲಿ ಬೇಕೆಂದೇ 10 ಸೆಕೆಂಡು ಕಳೆದುಕೊಂಡು. ಕೊನೆಯಲ್ಲಿ ಎದುರಾಳಿಯ ಅಂತರ ಎರಡರಲ್ಲೂ ಒಂದೇ ಬಂದರೆ, ನಾವು ನೀವು ಅದನ್ನು ಸಮಾನತೆ ಎನ್ನುತ್ತಿದ್ದೆವು. ಅವರು ಬ್ಯಾಂಡ್ ಅತಿ ಬಿಗಿಯಾಗಿದೆ ಎಂದು ಬರೆದುಕೊಂಡು ಇನ್ನಷ್ಟು ಸಡಿಲಿಸುತ್ತಾರೆ. ಹೀಗೆ ಹದ ಮಾಡಿದ ರೇಸಿನಲ್ಲಿ ಸೋತ ಆಟಗಾರನಿಗೆ ಬೈಯಲು ಯಾರೂ ಉಳಿಯುವುದಿಲ್ಲ. ಅವನು ತನ್ನ ಮೂರನೇ ತಿರುವಿನ ಬ್ರೇಕನ್ನೇ ಬೈದುಕೊಳ್ಳಬೇಕು.

ಹಳೆಯ ನಿಷ್ಠಾವಂತನನ್ನೇ ಉಳಿಸಿಕೊಳ್ಳುತ್ತೇವೆ ಎನ್ನುವ ಗೇಮ್ ತಯಾರಕರಲ್ಲಿ ನನ್ನದೊಂದೇ ವಿನಂತಿ: ದಯವಿಟ್ಟು ಆ ಪುಟ್ಟ ನಕ್ಷೆಯನ್ನು ಪರದೆಯಿಂದ ತೆಗೆದುಬಿಡಿ.